ಕಾರು ಕಲಿಯಲು ಒಟ್ಟು ಎಷ್ಟಾಗುತ್ತದೆ?

ಕರ್ನಾಟಕದಲ್ಲಿ ಡ್ರೈವಿಂಗ್ ಸ್ಕೂಲುಗಳು ಕಾರು ಕಲಿಸಲು ಎಷ್ಟು ತೆಗೆದುಕೊಳ್ಳಬೇಕು ಎಂಬುದನ್ನು ಸಾರಿಗೆ ಇಲಾಖೆಯೇ ನಿಗದಿ ಮಾಡಿದೆ. ಇದು ಬಹಳ ಜನಕ್ಕೆ ಗೊತ್ತಿಲ್ಲ. 2024ರ ಜನವರಿ 1ರಿಂದ ಜಾರಿಗೆ ಬಂದ ದರದ ಪ್ರಕಾರ ಕಾರಿಗೆ 7,000 ರೂಪಾಯಿ. ಅದಕ್ಕೆ ಮುಂಚೆ 4,000 ಇತ್ತು. ಲೈಸೆನ್ಸಿಗೆ ಕಟ್ಟುವ ಸರ್ಕಾರಿ ಶುಲ್ಕ ಇದರಲ್ಲಿ ಸೇರಿಲ್ಲ, ಅದು ಬೇರೆ. ಆದರೂ ಸ್ಕೂಲಿಗೆ ಹೋಗಿ ಕೇಳಿದರೆ ಸಿಗುವುದು "ಎಲ್ಲಾ ಸೇರಿ ಇಷ್ಟು" ಎಂಬ ಒಂದೇ ಮೊತ್ತ. ಆ ಮೊತ್ತ ಊರಿಂದ ಊರಿಗೆ, ಬಡಾವಣೆಯಿಂದ ಬಡಾವಣೆಗೆ ಬದಲಾಗುತ್ತದೆ. ಅದನ್ನು ಕೇಳಿಕೊಂಡು ಬಂದವರು ಕಾರು ಕಲಿಯುವ ಖರ್ಚು ಅಷ್ಟೇ ಎಂದುಕೊಂಡು ದುಡ್ಡು ತೆಗೆದಿಡುತ್ತಾರೆ. ಅಸಲಿಗೆ ಸ್ಕೂಲಿನ ಫೀಸು ಒಟ್ಟು ಖರ್ಚಿನ ಮೂರನೇ ಒಂದು ಭಾಗದ ಆಸುಪಾಸು. ಉಳಿದದ್ದು ಎಲ್ಲಿ ಹೋಗುತ್ತದೆ ಎಂಬುದನ್ನು ಒಬ್ಬರ ಲೆಕ್ಕ ಹಿಡಿದು ನೋಡೋಣ.

ತುಮಕೂರಿನಲ್ಲಿ ಕೆಲಸ ಮಾಡುವ, ಮೂವತ್ತು ದಾಟಿದ ಒಬ್ಬ ಶಾಲಾ ಶಿಕ್ಷಕಿಯನ್ನು ಊಹಿಸಿಕೊಳ್ಳಿ. ಮನೆಯಲ್ಲಿ ಐದಾರು ವರ್ಷ ಹಳೆಯ, 1,200 ಸಿಸಿಯ ಸಣ್ಣ ಪೆಟ್ರೋಲ್ ಕಾರಿದೆ, ಗೇರು ಇರುವಂಥದ್ದು. ಗಂಡನಿಗೆ ಓಡಿಸಲು ಬರುತ್ತದೆ, ಆದರೆ ಬಿಡುವು ಸಿಗುವುದು ಭಾನುವಾರ ಮಾತ್ರ. ಇವರಿಗೆ ಇದುವರೆಗೆ ಸ್ಕೂಟರಿನ ಲೈಸೆನ್ಸೂ ಇಲ್ಲ. ಆದ್ದರಿಂದ ಎರಡನ್ನೂ ಒಟ್ಟಿಗೆ ಮಾಡಿಸಿಕೊಳ್ಳುವ ಯೋಚನೆ.

ಮೊದಲು ಸರ್ಕಾರಕ್ಕೆ ಕಟ್ಟುವುದನ್ನು ಮುಗಿಸಿಬಿಡೋಣ, ಅದು ಸುಲಭ. ಎಲ್‌ಎಲ್‌ಗೆ ಒಂದೊಂದು ಬಗೆಯ ವಾಹನಕ್ಕೆ 150 ರೂಪಾಯಿ, ಪರೀಕ್ಷೆಗೆ 50. ಬೈಕು ಮತ್ತು ಕಾರು ಎರಡಕ್ಕೂ ಸೇರಿ 350. ಡಿಎಲ್‌ಗೆ ಬಂದಾಗ ಓಡಿಸಿ ತೋರಿಸುವ ಪರೀಕ್ಷೆಗೆ ಒಂದೊಂದು ವಾಹನಕ್ಕೆ 300, ಲೈಸೆನ್ಸಿಗೆ 200, ಸ್ಮಾರ್ಟ್ ಕಾರ್ಡಿಗೆ 200. ಎರಡೂ ವಾಹನಕ್ಕೆ ಸೇರಿ 1,000. ಒಟ್ಟು 1,350. ಬರೀ ಕಾರಿಗೆ ಮಾತ್ರ ಮಾಡಿಸಿದರೆ 900ಕ್ಕೆ ಮುಗಿಯುತ್ತದೆ. ಈಗಾಗಲೇ ಸ್ಕೂಟರಿನ ಲೈಸೆನ್ಸ್ ಇದ್ದವರ ಲೆಕ್ಕ ಸ್ವಲ್ಪ ಬೇರೆ. ಅವರಿಗೆ ಹೊಸ ಲೈಸೆನ್ಸ್ ಕೊಡುವುದಿಲ್ಲ, ಇರುವುದಕ್ಕೇ ಕಾರನ್ನು ಸೇರಿಸುತ್ತಾರೆ. ಹಾಗೆ ಸೇರಿಸುವ ಶುಲ್ಕ 500. ನಲವತ್ತು ದಾಟಿದವರು ಇದರ ಜೊತೆಗೆ ಫಾರಂ 1ಎ ಎಂಬ ವೈದ್ಯರ ಪ್ರಮಾಣಪತ್ರವನ್ನೂ ಕೊಡಬೇಕು. ಸಾರಥಿ ಪೋರ್ಟಲ್‌ನಲ್ಲಿ ನೀವೇ ಅರ್ಜಿ ಹಾಕಿದರೆ ಇಷ್ಟೇ ಖರ್ಚು. ಬೇರೆಯವರ ಕೈಯಲ್ಲಿ ಮಾಡಿಸಿದರೆ ಅವರ ಕೂಲಿ ಸೇರುತ್ತದೆ. ಕೂಲಿ ಕೊಡುವುದು ತಪ್ಪಲ್ಲ, ಆದರೆ ಸರ್ಕಾರದ ಶುಲ್ಕ ಎಷ್ಟು, ತಮ್ಮ ಕೂಲಿ ಎಷ್ಟು ಎಂದು ಬೇರೆ ಬೇರೆ ಬರೆದುಕೊಡಿ ಅಂತ ಕೇಳಿ. ರಸೀದಿಯಲ್ಲಿ ಅವೆರಡೂ ಕಲೆಸಿಹೋದರೆ ಮುಂದಿನ ಯಾವ ಲೆಕ್ಕವೂ ಸರಿಬರುವುದಿಲ್ಲ.

ಇನ್ನು ಸ್ಕೂಲು. ಇಲ್ಲಿ ನೋಡಬೇಕಾದದ್ದು ಫೀಸಿಗಿಂತ ಹೆಚ್ಚಾಗಿ, ಆ ಫೀಸಿಗೆ ಸ್ಟಿಯರಿಂಗ್ ನಿಮ್ಮ ಕೈಯಲ್ಲಿ ಎಷ್ಟು ಹೊತ್ತು ಇರುತ್ತದೆ ಎಂಬುದನ್ನು. ಕೇಂದ್ರ ಮೋಟಾರು ವಾಹನ ನಿಯಮಗಳು, 1989 ಇದನ್ನು ದಿನದಲ್ಲೂ ಗಂಟೆಯಲ್ಲೂ ಹೇಳಿವೆ. ಸ್ವಂತ ಬಳಕೆಯ ವಾಹನ ಕಲಿಯುವವರಿಗೆ ತರಬೇತಿ 21 ದಿನಕ್ಕಿಂತ ಕಡಿಮೆ ಇರಬಾರದು, ನಿಜವಾಗಿ ಓಡಿಸಿದ ಸಮಯ 10 ಗಂಟೆಗಿಂತ ಕಡಿಮೆ ಇರಬಾರದು. ದಿನಕ್ಕೆ ಅರ್ಧ ಗಂಟೆಯಂತೆ 21 ದಿನ ಅಂದರೆ ಹತ್ತೂವರೆ ಗಂಟೆ, ಲೆಕ್ಕ ಸರಿಹೋಗುತ್ತದೆ. ಆದರೆ ಅರ್ಧ ಗಂಟೆಯ ಕ್ಲಾಸು ಎಂದರೆ ಅರ್ಧ ಗಂಟೆ ಓಡಿಸುವುದು ಎಂದೇನಲ್ಲ. ಹಿಂದಿನ ಸೀಟಿನಲ್ಲಿ ಇನ್ನಿಬ್ಬರು ಕಲಿಯುವವರು ಕೂತಿರುತ್ತಾರೆ. ಒಬ್ಬರನ್ನು ಮನೆಯ ಹತ್ತಿರ ಇಳಿಸಬೇಕು, ಇನ್ನೊಬ್ಬರನ್ನು ಹತ್ತಿಸಿಕೊಳ್ಳಬೇಕು, ನಡುವೆ ಸಿಎನ್‌ಜಿ ಬಂಕಿನ ಸಾಲೂ ಬರಬಹುದು. ಎಲ್ಲಾ ಕಳೆದು ದಿನಕ್ಕೆ ಇಪ್ಪತ್ತು ನಿಮಿಷ ಸಿಕ್ಕರೆ 21 ದಿನಕ್ಕೆ ಆಗುವುದು ಏಳು ಗಂಟೆ.

ಆದ್ದರಿಂದ ಸ್ಕೂಲುಗಳನ್ನು ಹೋಲಿಸುವಾಗ ಒಂದು ಗಂಟೆ ಓಡಿಸಲು ಎಷ್ಟು ಬಿತ್ತು ಎಂದು ಭಾಗಿಸಿ ನೋಡುವುದು ಒಳ್ಳೆಯದು. 7,000 ರೂಪಾಯಿಗೆ ಪೂರ್ತಿ ಹತ್ತು ಗಂಟೆ ಸಿಕ್ಕರೆ ಗಂಟೆಗೆ 700. ಅದೇ ದುಡ್ಡಿಗೆ ಏಳು ಗಂಟೆ ಸಿಕ್ಕರೆ ಗಂಟೆಗೆ 1,000. ಇನ್ನೊಂದು ಕಡೆ 12,000ಕ್ಕೆ ಲೈಸೆನ್ಸೂ ಸೇರಿದ ಪ್ಯಾಕೇಜು, 15 ದಿನ, ದಿನಕ್ಕೆ ಇಪ್ಪತ್ತು ನಿಮಿಷ ಎಂದಿಟ್ಟುಕೊಳ್ಳಿ. ಸರ್ಕಾರದ 1,350 ಕಳೆದರೆ ಉಳಿಯುವುದು 10,650, ಸಿಗುವುದು ಐದು ಗಂಟೆ. ಗಂಟೆಗೆ 2,130 ಬಿತ್ತು. "ಹದಿನೈದು ದಿನದಲ್ಲಿ ಪಕ್ಕಾ ಕಲಿಸಿಬಿಡ್ತೀವಿ ಮೇಡಂ" ಎಂಬ ಮಾತು ಕೇಳುವಾಗ ಈ ಭಾಗಾಕಾರ ತಲೆಯಲ್ಲಿರಲಿ. ಕ್ಲಾಸಿನ ಶುರುವಿನಲ್ಲಿ ಮತ್ತು ಕೊನೆಯಲ್ಲಿ ಕಾರಿನ ಓಡೋಮೀಟರ್ ನೋಡಿ ಕಿಲೋಮೀಟರ್ ಬರೆದುಕೊಂಡರೆ ವಾರದೊಳಗೆ ನಿಜ ಗೊತ್ತಾಗುತ್ತದೆ. ಕಲಿಯುವವರು ಊರೊಳಗೆ ಅರ್ಧ ಗಂಟೆ ಓಡಿಸಿದರೆ ಐದಾರು ಕಿಲೋಮೀಟರ್ ಆಗಲೇಬೇಕು. ದಿನಾ ಎರಡು ಮೂರೇ ಆಗುತ್ತಿದ್ದರೆ ಸಮಯ ಎಲ್ಲೋ ಸೋರುತ್ತಿದೆ.

ಆ ಹತ್ತು ಗಂಟೆ ಪೂರ್ತಿ ಸಿಕ್ಕರೂ ಅದರಲ್ಲಿ ಇನ್ನೊಂದು ವಿಷಯ ಅಡಗಿದೆ. ಸ್ಕೂಲಿನ ಕಾರಿನಲ್ಲಿ ಪಕ್ಕದ ಸೀಟಿನವರ ಕಾಲಡಿಯೂ ಕ್ಲಚ್ಚು, ಬ್ರೇಕು ಇರುತ್ತವೆ. ಇರಲೇಬೇಕು, ಅದಿಲ್ಲದೆ ಕಲಿಸುವುದು ಅಪಾಯ. ಆದರೆ ಸಿಗ್ನಲ್‌ನಲ್ಲಿ ಗಾಡಿ ಆಫ್ ಆಗದೆ ಮೆತ್ತಗೆ ಮುಂದೆ ಹೋಯಿತಲ್ಲ, ಅದು ನಿಮ್ಮ ಎಡಗಾಲಿನ ಕೆಲಸವೋ ಇನ್‌ಸ್ಟ್ರಕ್ಟರ್ ಕಾಲಿನದೋ ನಿಮಗೆ ತಿಳಿಯುವುದೇ ಇಲ್ಲ. ಸೈಕಲ್ ಕಲಿಯುವಾಗ ಅಪ್ಪ ಹಿಂದಿನ ಕ್ಯಾರಿಯರ್ ಹಿಡಿದು ಓಡಿಬರುತ್ತಿದ್ದಂತೆ ಇದು. ನಿಜವಾಗಿ ಎಷ್ಟು ಬಂದಿದೆ ಎಂದು ಪರೀಕ್ಷಿಸಲು ಒಂದು ದಾರಿಯಿದೆ. ಕೊನೆಯ ನಾಲ್ಕೈದು ಕ್ಲಾಸುಗಳಲ್ಲಿ "ಸರ್, ಇವತ್ತು ನೀವು ಕಾಲು ಹಿಂದಕ್ಕೆ ಇಟ್ಕೊಳ್ಳಿ, ಆಫ್ ಆದ್ರೆ ಆಗ್ಲಿ" ಎಂದು ಕೇಳಿಕೊಳ್ಳಿ. ಆ ದಿನ ಎಷ್ಟು ಸಲ ಗಾಡಿ ಆಫ್ ಆಯಿತೋ ಅದರ ಮೇಲೆ ಮುಂದಿನ ಖರ್ಚನ್ನು ಅಂದಾಜು ಮಾಡಬಹುದು.

ಹತ್ತು ಗಂಟೆ ಸಾಲದು ಎಂಬುದನ್ನು ಕೇಂದ್ರ ಸರ್ಕಾರವೂ ಇನ್ನೊಂದು ಕಡೆ ಒಪ್ಪಿಕೊಂಡಂತಿದೆ. 2021ರಲ್ಲಿ ಜಾರಿಗೆ ಬಂದ ಮಾನ್ಯತೆ ಪಡೆದ ಚಾಲನಾ ತರಬೇತಿ ಕೇಂದ್ರಗಳ ನಿಯಮದಲ್ಲಿ ಕಾರಿನ ಕೋರ್ಸು 29 ಗಂಟೆಯದು. ಅದರಲ್ಲಿ ಎಂಟು ಗಂಟೆ ಪಾಠ, 21 ಗಂಟೆ ಓಡಿಸುವುದು. ಅಂಥ ಕೇಂದ್ರದಲ್ಲಿ ಪಾಸಾದವರಿಗೆ ಆರ್‌ಟಿಒ ಪರೀಕ್ಷೆಯಿಂದ ವಿನಾಯಿತಿಯೂ ಇದೆ. ನಮ್ಮ ಬೀದಿ ಬದಿಯ ಸ್ಕೂಲುಗಳು ಸಾಮಾನ್ಯವಾಗಿ ಈ ಬಗೆಯವಲ್ಲ. ಹಾಗಾಗಿ ಉಳಿದ ಗಂಟೆಗಳನ್ನು ಮನೆಯ ಕಾರಿನಲ್ಲಿ, ಮನೆಯ ಪೆಟ್ರೋಲಿನಲ್ಲಿ ನಾವೇ ತುಂಬಿಕೊಳ್ಳಬೇಕು. ನನ್ನ ಅಂದಾಜಿನಲ್ಲಿ, ಒಬ್ಬರೇ ಧೈರ್ಯವಾಗಿ ಊರೊಳಗೆ ಕಾರು ತೆಗೆಯುವ ಮಟ್ಟಕ್ಕೆ ಬರಲು ಸ್ಕೂಲು ಮುಗಿದ ಮೇಲೆ ಇನ್ನೂ 25 ಗಂಟೆ ಬೇಕು.

ಈ 25 ಗಂಟೆಯ ಪೆಟ್ರೋಲಿನ ಲೆಕ್ಕದಲ್ಲಿ ಎಲ್ಲರೂ ಎಡವುತ್ತಾರೆ. ಸಾಮಾನ್ಯವಾಗಿ ಮಾಡುವುದು ಹೀಗೆ: ಐನೂರು ಕಿಲೋಮೀಟರ್ ಓಡಿಸಿದರೆ ಸಾಕು, ಕಂಪನಿಯವರು ಲೀಟರಿಗೆ 20 ಕೊಡುತ್ತದೆ ಎಂದಿದ್ದಾರೆ, ಅಂದರೆ 25 ಲೀಟರು. ಆದರೆ ಕಲಿಯುವವರ ಕಾರು ಕಂಪನಿ ಹೇಳಿದ ಮೈಲೇಜನ್ನು ಯಾವತ್ತೂ ಕೊಡುವುದಿಲ್ಲ. ಅದು ಅರ್ಧ ಹೊತ್ತು ಮೊದಲನೇ, ಎರಡನೇ ಗೇರಿನಲ್ಲೇ ಇರುತ್ತದೆ. ಆಫ್ ಆಗುತ್ತದೆಂಬ ಹೆದರಿಕೆಯಲ್ಲಿ ಆಕ್ಸಿಲರೇಟರನ್ನು ಬೇಕಾದ್ದಕ್ಕಿಂತ ಹೆಚ್ಚು ಒತ್ತುತ್ತಾರೆ. ನಡುನಡುವೆ ಗಾಡಿ ನಿಲ್ಲಿಸಿ, ಎಂಜಿನ್ ಆನ್ ಇಟ್ಟುಕೊಂಡೇ "ಈಗ ರಿವರ್ಸ್ ಹೇಗೆ ಹಾಕಬೇಕು ನೋಡು" ಎಂಬ ಪಾಠವೂ ನಡೆಯುತ್ತದೆ. ಎಸಿ ಹಾಕಿ ಸುಮ್ಮನೆ ನಿಂತ ಸಣ್ಣ ಕಾರೂ ಗಂಟೆಗೆ ಒಂದು ಲೀಟರಿನ ಹತ್ತಿರ ಕುಡಿಯುತ್ತದೆ, ಒಂದು ಅಡಿಯೂ ಮುಂದೆ ಹೋಗದೆ. ಹಾಗಾಗಿ ಕಿಲೋಮೀಟರ್ ಬಿಟ್ಟು ಗಂಟೆಯ ಲೆಕ್ಕ ಹಿಡಿಯುವುದೇ ಸರಿ.

ನಮ್ಮ ಶಿಕ್ಷಕಿಯ 25 ಗಂಟೆಯನ್ನು ಮೂರು ಹಂತ ಮಾಡೋಣ. ಮೊದಲ ಎಂಟು ಗಂಟೆ ಇನ್ನೂ ಮನೆಗಳೇಳದ ಹೊಸ ಲೇಔಟಿನ ರಸ್ತೆಗಳಲ್ಲಿ. ಗಂಟೆಗೆ ಸುಮಾರು 12 ಕಿಲೋಮೀಟರ್ ಆಗುತ್ತದೆ, ಮೈಲೇಜು ಎಂಟರ ಆಸುಪಾಸು. 12 ಲೀಟರ್ ಬೇಕು. ಮುಂದಿನ ಹನ್ನೆರಡು ಗಂಟೆ ಊರೊಳಗೆ, ಬಸ್‌ಸ್ಟ್ಯಾಂಡು, ಮಾರ್ಕೆಟ್ಟು, ಶಾಲೆಯ ರಸ್ತೆ. ಗಂಟೆಗೆ 18 ಕಿಲೋಮೀಟರ್, ಮೈಲೇಜು 11. ಇದಕ್ಕೆ 20 ಲೀಟರಿನಷ್ಟು. ಕೊನೆಯ ಐದು ಗಂಟೆ ಕುಣಿಗಲ್ ರಸ್ತೆಯಲ್ಲೋ ಗುಬ್ಬಿ ಕಡೆಗೋ ಊರ ಹೊರಗೆ. ಗಂಟೆಗೆ 40 ಕಿಲೋಮೀಟರ್, ಮೈಲೇಜು 16. ಹನ್ನೆರಡೂವರೆ ಲೀಟರ್. ಒಟ್ಟು ಓಡಿದ್ದು 512 ಕಿಲೋಮೀಟರ್, ಸುಟ್ಟದ್ದು ಸುಮಾರು ನಲವತ್ತನಾಲ್ಕೂವರೆ ಲೀಟರ್. ಲೀಟರಿಗೆ 103 ರೂಪಾಯಿಯಂತೆ ಹತ್ತಿರಹತ್ತಿರ 4,580. ಕಂಪನಿಯ ಮೈಲೇಜು ನಂಬಿ ಲೆಕ್ಕ ಹಾಕಿದ್ದರೆ 2,640 ಸಾಕು ಅನ್ನಿಸುತ್ತಿತ್ತು. ಎರಡು ಸಾವಿರದಷ್ಟು ವ್ಯತ್ಯಾಸ ಅಲ್ಲೇ ಬಂತು.

ನಿಮ್ಮ ಕಾರು ಎಷ್ಟು ಕುಡಿಯುತ್ತದೆಂದು ತಿಳಿಯಲು ನನ್ನ ಈ ಅಂಕಿಗಳನ್ನು ನೆಚ್ಚಬೇಕಿಲ್ಲ. ಬಂಕಿನಲ್ಲಿ ನಾಜಲ್ ತಾನಾಗಿ ಟಕ್ ಎಂದು ನಿಲ್ಲುವವರೆಗೆ ತುಂಬಿಸಿ, ಟ್ರಿಪ್ ಮೀಟರನ್ನು ಸೊನ್ನೆ ಮಾಡಿ. ಅಲ್ಲಿಂದ ಅಭ್ಯಾಸಕ್ಕೆ ಮಾತ್ರ ಕಾರು ತೆಗೆಯಿರಿ, ನಾಲ್ಕು ಗಂಟೆ ಆದಮೇಲೆ ಅದೇ ಬಂಕಿನಲ್ಲಿ ಮತ್ತೆ ನಾಜಲ್ ನಿಲ್ಲುವವರೆಗೆ ಹಾಕಿಸಿ. ಎಷ್ಟು ಲೀಟರ್ ಹಿಡಿಯಿತೋ ಅದನ್ನು ನಾಲ್ಕರಿಂದ ಭಾಗಿಸಿದರೆ ನಿಮ್ಮ ಗಂಟೆಯ ಖರ್ಚು ಸಿಕ್ಕಿತು. ಡ್ಯಾಶ್‌ಬೋರ್ಡ್ ತೋರಿಸುವ ಮೈಲೇಜಿಗಿಂತ ಇದನ್ನು ನಂಬಬಹುದು.

ಈ ಅಭ್ಯಾಸಕ್ಕೆ ಪಕ್ಕದಲ್ಲಿ ಒಬ್ಬರು ಕೂರಲೇಬೇಕು. ಎಲ್‌ಎಲ್ ಇರುವಷ್ಟು ದಿನ ಲೈಸೆನ್ಸ್ ಇರುವವರು, ಬೇಕೆಂದಾಗ ಗಾಡಿ ನಿಲ್ಲಿಸಲು ಆಗುವಂತೆ ಪಕ್ಕದಲ್ಲೇ ಕೂತಿರಬೇಕು, ಹಿಂದೆ ಮುಂದೆ ಕೆಂಪು ಎಲ್ ಬೋರ್ಡ್ ಇರಬೇಕು. ಇದು ಪೊಲೀಸರ ಭಯಕ್ಕೆ ಮಾತ್ರ ಸಂಬಂಧಪಟ್ಟದ್ದಲ್ಲ. ನಿಮ್ಮ ವಿಮೆಯ ಪಾಲಿಸಿಯನ್ನು ತೆಗೆದು "ಡ್ರೈವರ್ಸ್ ಕ್ಲಾಜ್" ಎಂಬ ಭಾಗ ಓದಿ. ಎಲ್‌ಎಲ್ ಇರುವವರೂ ಓಡಿಸಬಹುದು, ಆದರೆ 1989ರ ನಿಯಮಗಳ 3ನೇ ನಿಯಮ ಪಾಲಿಸಿರಬೇಕು ಎಂದು ಅಲ್ಲಿ ಬರೆದಿರುತ್ತದೆ. ಆ 3ನೇ ನಿಯಮವೇ ಪಕ್ಕದಲ್ಲಿ ಕೂರುವವರ ವಿಚಾರ. ಬೆಳಗ್ಗೆ ಬೇಗ ರಸ್ತೆ ಖಾಲಿಯಿದೆ ಎಂದು ಒಬ್ಬರೇ ಕಾರು ತೆಗೆದು ಗುದ್ದಿಸಿಕೊಂಡರೆ ರಿಪೇರಿಯ ಪೂರ್ತಿ ಬಿಲ್ಲು ನಿಮ್ಮ ಮೇಲೆ ಬೀಳಬಹುದು.

ಶಿಕ್ಷಕಿಯ ಗಂಡನಿಗೆ ಭಾನುವಾರ ಬಿಟ್ಟರೆ ಪುರಸೊತ್ತಿಲ್ಲ ಎಂದೆವಲ್ಲ. ವಾರಕ್ಕೆ ಒಂದೇ ಸಲ ಕೂತರೆ ಕಲಿತದ್ದು ಆರು ದಿನದಲ್ಲಿ ಜಾರಿಹೋಗುತ್ತದೆ. ಅದೂ ಅಲ್ಲದೆ ಗಂಡ ಹೆಂಡತಿಗೆ ಕಾರು ಕಲಿಸುವುದು ಪೆಟ್ರೋಲಿನಲ್ಲಿ ಅಳೆಯಲಾಗದ ಖರ್ಚು. ಮನೆಯ ಕಾರಿನಲ್ಲೇ ಪಕ್ಕದಲ್ಲಿ ಕೂತು ಕಲಿಸುವ ಟ್ರೈನರುಗಳು ಈಗ ಊರೂರಲ್ಲಿ ಸಿಗುತ್ತಾರೆ. ಗಂಟೆಗೆ 400 ಎಂದಿಟ್ಟುಕೊಂಡು ಮೊದಲ ಆರು ಗಂಟೆಗೆ ಅವರನ್ನು ಕರೆದರೆ 2,400. ಇಲ್ಲಿ ಒಂದು ಎಚ್ಚರಿಕೆ. ಮನೆಯ ಕಾರಿನಲ್ಲಿ ಅವರ ಕಾಲಡಿ ಬ್ರೇಕಿಲ್ಲ, ಅವರ ಕೈಗೆ ಸಿಗುವುದು ಹ್ಯಾಂಡ್‌ಬ್ರೇಕು ಮಾತ್ರ. ಆದ್ದರಿಂದ ಆ ಆರು ಗಂಟೆ ಲೇಔಟಿನಲ್ಲೇ ಕಳೆಯಲಿ.

ಪರೀಕ್ಷೆಯ ದಿನದ ಖರ್ಚನ್ನು ಯಾರೂ ಮುಂಚೆ ಹೇಳುವುದಿಲ್ಲ. ಪರೀಕ್ಷೆಗೆ ವಾಹನವನ್ನು ಅಭ್ಯರ್ಥಿಯೇ ತರಬೇಕು. ಸ್ಕೂಲಿನ ಕಾರಿನಲ್ಲಿ ಹೋದರೆ ಅದಕ್ಕೆ ಬೇರೆ ಬಾಡಿಗೆ ಕೇಳಬಹುದು, ಸೇರುವಾಗಲೇ ಇದನ್ನು ಬಾಯಿಬಿಟ್ಟು ಕೇಳಬೇಕು. ನಾನು 600 ಎಂದು ಹಿಡಿಯುತ್ತೇನೆ. ಟ್ರ್ಯಾಕಿನಲ್ಲಿ ರಿವರ್ಸ್ ತೆಗೆಯುವಾಗ ಗೆರೆ ಮುಟ್ಟಿ ಫೇಲಾದರೆ ಏಳು ದಿನ ಬಿಟ್ಟು ಮತ್ತೆ ಹೋಗಬಹುದು. ಆಗ ಮತ್ತೆ 300 ಶುಲ್ಕ, ಮತ್ತೆ ಬಾಡಿಗೆ, ಮತ್ತೆ ಅರ್ಧ ದಿನದ ರಜೆ. ಮೂರು ಸಲ ಫೇಲಾದರೆ 60 ದಿನ ಕಾಯಬೇಕು. ಎಲ್‌ಎಲ್ ಇರುವುದೇ ಆರು ತಿಂಗಳು, ಅದು ಮುಗಿದರೆ ಮತ್ತೆ ಮೊದಲಿನಿಂದ ಶುರು. ಎಲ್‌ಎಲ್ ಸಿಕ್ಕ 30 ದಿನದ ಮೇಲೆ ಡಿಎಲ್ ಪರೀಕ್ಷೆಗೆ ಹೋಗಬಹುದಾದ್ದರಿಂದ, ಎಲ್‌ಎಲ್ ಕೈಗೆ ಬಂದ ವಾರವೇ ಕ್ಲಾಸಿಗೆ ಸೇರಿ, ಕ್ಲಾಸು ಮುಗಿಯುವ ಹೊತ್ತಿಗೆ ಸ್ಲಾಟ್ ಸಿಗುವಂತೆ ನೋಡಿಕೊಳ್ಳುವುದು ಲಾಭ. ಮಧ್ಯೆ ಎರಡು ತಿಂಗಳು ಖಾಲಿ ಬಿದ್ದರೆ ಪರೀಕ್ಷೆಗೆ ಮುಂಚೆ ಇನ್ನಷ್ಟು ಕ್ಲಾಸು ಕೊಳ್ಳಬೇಕಾಗುತ್ತದೆ. ಒಂದು ಸಲ ಫೇಲಾಗುತ್ತೇವೆಂದೇ ಎಣಿಸೋಣ. ಮೊದಲ ಸಲದ ಬಾಡಿಗೆಯನ್ನು ಸ್ಕೂಲು ತನ್ನ ಫೀಸಿನಲ್ಲೇ ಹಿಡಿದುಕೊಂಡಿದೆ ಎಂದು ಒಪ್ಪಿಕೊಂಡರೂ ಮರುಪರೀಕ್ಷೆಗೆ 900.

ಉಳಿದದ್ದು ಕಾರಿನ ಮೈಗೆ ಆಗುವ ಪೆಟ್ಟು. ಬಂಪರಿನ ಮೂಲೆ ಗೇಟಿನ ಕಂಬಕ್ಕೆ ತಾಗುವುದು, ಬಾಗಿಲು ಕಾಂಪೌಂಡಿಗೆ ಉಜ್ಜುವುದು, ಇವು ಆಗಿಯೇ ಆಗುತ್ತವೆ. ಎರಡನ್ನೂ ತಿದ್ದಿ ಬಣ್ಣ ಹೊಡೆಸಲು 4,000 ಎಂದಿಟ್ಟುಕೊಳ್ಳಿ. ವಿಮೆ ಇದೆಯಲ್ಲ ಎಂದು ಕ್ಲೇಮ್ ಮಾಡಲು ಹೊರಟರೆ ಒಂದು ನಿಮಿಷ ನಿಲ್ಲಿ. ಸಣ್ಣ ಕಾರಿಗೆ ಪ್ರತಿ ಕ್ಲೇಮಿನಲ್ಲೂ 1,000 ರೂಪಾಯಿ ನಾವೇ ಹಾಕಬೇಕು, ಸಿಗುವುದು 3,000. ಈ ಕಾರಿಗೆ ಮೂರು ವರ್ಷದಿಂದ ಕ್ಲೇಮ್ ಇಲ್ಲ, ನೋ ಕ್ಲೇಮ್ ಬೋನಸ್ ಶೇ 35ರಲ್ಲಿದೆ, ಮುಂದಿನ ವರ್ಷ 45 ಆಗಬೇಕು. ಸ್ವಂತ ಹಾನಿಯ ಪ್ರೀಮಿಯಂ 6,000 ಇದ್ದರೆ ಆ 45ರ ಬೆಲೆ 2,700. ಕ್ಲೇಮ್ ಮಾಡಿದರೆ ಅದು ಸೊನ್ನೆಗೆ ಇಳಿಯುತ್ತದೆ. ಅದರ ಮುಂದಿನ ವರ್ಷ 50 ಸಿಗುವ ಕಡೆ 20 ಸಿಗುತ್ತದೆ, ಅಲ್ಲಿ ಇನ್ನೊಂದು 1,800. ಮೂರು ಸಾವಿರಕ್ಕೆ ನಾಲ್ಕೂವರೆ ಸಾವಿರ ಕೊಟ್ಟಂತಾಯಿತು. ಸಣ್ಣಪುಟ್ಟ ಗೀರನ್ನು ಕೈಯಿಂದಲೇ ಮಾಡಿಸುವುದು ವಾಸಿ. ಅದಕ್ಕಿಂತ ವಾಸಿಯೆಂದರೆ ಕಲಿಕೆ ಪೂರ್ತಿ ಮುಗಿಯುವವರೆಗೆ ಬಣ್ಣ ಹೊಡೆಸದೆ ಇರುವುದು.

ಕ್ಲಚ್ ಪ್ಲೇಟಿನ ಸವೆತ ಮಾತ್ರ ಕಣ್ಣಿಗೆ ಕಾಣುವುದಿಲ್ಲ. ದಿಬ್ಬದಲ್ಲಿ ಬ್ರೇಕು ಹಿಡಿಯದೆ ಅರ್ಧ ಕ್ಲಚ್ಚಿನಲ್ಲೇ ಗಾಡಿಯನ್ನು ತೂಗಾಡಿಸುವ ಅಭ್ಯಾಸ ಕಲಿಯುವವರಿಗೆಲ್ಲ ಇರುತ್ತದೆ. ಸುಟ್ಟ ವಾಸನೆ ಬಂದರೆ ಅದು ಪ್ಲೇಟು ಉಜ್ಜಿಹೋಗುತ್ತಿರುವ ಸೂಚನೆ, ತಕ್ಷಣ ಪಕ್ಕಕ್ಕೆ ನಿಲ್ಲಿಸಿ ಹತ್ತು ನಿಮಿಷ ಆರಲು ಬಿಡಬೇಕು. ಪೆಡಲನ್ನು ಮುಕ್ಕಾಲು ಭಾಗ ಬಿಟ್ಟ ಮೇಲಷ್ಟೇ ಗಾಡಿ ಕದಲುತ್ತಿದ್ದರೆ, ಮೂರನೇ ನಾಲ್ಕನೇ ಗೇರಿನಲ್ಲಿ ಎಂಜಿನ್ ಸದ್ದು ಏರಿದರೂ ವೇಗ ಏರದಿದ್ದರೆ ಕ್ಲಚ್ ಮುಗಿಯುತ್ತಾ ಬಂದಿದೆ ಎಂದರ್ಥ. ಸಣ್ಣ ಕಾರಿನಲ್ಲಿ ಕ್ಲಚ್ ಸೆಟ್ ಬದಲಿಸಲು ಕೂಲಿ ಸೇರಿ ಎಂಟು ಸಾವಿರದಷ್ಟಾದರೆ, ಅದರ ಆಯಸ್ಸಿನ ಸುಮಾರು ಐದರಲ್ಲೊಂದು ಭಾಗವನ್ನು ಈ ಕಲಿಕೆ ತಿಂದಿತು ಎಂದು 1,500 ಬರೆದುಕೊಳ್ಳೋಣ. ಇದು ಕೈಯಿಂದ ಇವತ್ತು ಹೋಗುವ ದುಡ್ಡಲ್ಲ, ಆದರೆ ಹೋಗುವುದಂತೂ ನಿಜ.

ಈಗ ಕೂಡಿ ನೋಡಿದರೆ ಶಿಕ್ಷಕಿಯ ಖರ್ಚು ಹೀಗಿದೆ. ಸ್ಕೂಲಿಗೆ 7,000, ಸರ್ಕಾರಕ್ಕೆ 1,350, ಪೆಟ್ರೋಲಿಗೆ 4,580, ಟ್ರೈನರಿಗೆ 2,400, ಮರುಪರೀಕ್ಷೆಗೆ 900, ಬಣ್ಣಕ್ಕೆ 4,000, ಕ್ಲಚ್ಚಿಗೆ 1,500. ಒಟ್ಟು 21,730. ಮೊದಲ ಸಲಕ್ಕೇ ಪಾಸಾಗಿ, ಗೀರೂ ಬೀಳದೆ, ಮನೆಯವರೇ ಪಕ್ಕದಲ್ಲಿ ಕೂತರೆ ಹದಿನಾಲ್ಕೂವರೆ ಸಾವಿರದ ಒಳಗೆ ಮುಗಿಯಬಹುದು. ಹಾಗಾಗಿ ಬಜೆಟ್ ಮಾಡುವವರು ಒಂದೇ ಅಂಕಿ ಹಿಡಿಯದೆ ಹದಿನಾಲ್ಕರಿಂದ ಇಪ್ಪತ್ತೆರಡು ಸಾವಿರ ಎಂದು ಇಟ್ಟುಕೊಳ್ಳಲಿ. ಕೈಯಲ್ಲಿ ಮೊದಲೇ ಇರಬೇಕಾದದ್ದು ಸ್ಕೂಲಿನದ್ದು ಮತ್ತು ಸರ್ಕಾರದ್ದು ಮಾತ್ರ, ಉಳಿದದ್ದು ಎರಡು ಮೂರು ತಿಂಗಳಲ್ಲಿ ಹಂಚಿಹೋಗುತ್ತದೆ.

ಮನೆಯಲ್ಲಿ ಕಾರೇ ಇಲ್ಲದವರ ಲೆಕ್ಕ ಇದಕ್ಕಿಂತ ಕಷ್ಟದ್ದು. ಸೆಲ್ಫ್ ಡ್ರೈವ್ ಬಾಡಿಗೆ ಕಾರುಗಳನ್ನು ಎಲ್‌ಎಲ್ ಇರುವವರಿಗೆ ಕೊಡುವುದಿಲ್ಲ. ಅವರಿಗೆ ಉಳಿದಿರುವ ದಾರಿ ಸ್ಕೂಲಿನಲ್ಲೇ ಹೆಚ್ಚಿನ ಗಂಟೆಗಳನ್ನು ಕೊಳ್ಳುವುದು. ಗಂಟೆಗೆ 700ರಂತೆ 25 ಗಂಟೆ ಎಂದರೆ 17,500, ಮೊದಲಿನ ಕೋರ್ಸು ಮತ್ತು ಲೈಸೆನ್ಸು ಸೇರಿ 25,850. ಇಷ್ಟು ಸುರಿದು ಕಲಿತ ಮೇಲೆ ಒಂದು ವರ್ಷ ಕಾರು ಮುಟ್ಟದೆ ಇದ್ದರೆ ಕಾಲು ಎಲ್ಲವನ್ನೂ ಮರೆತಿರುತ್ತದೆ, ಕಾರು ಕೊಂಡ ದಿನ ಮತ್ತೆ ಟ್ರೈನರನ್ನು ಕರೆಯಬೇಕು. ಹತ್ತಿರದಲ್ಲಿ ಕಾರು ಕೊಳ್ಳುವ ಯೋಚನೆ ಇಲ್ಲದವರು ಹತ್ತು ಗಂಟೆಯ ಕೋರ್ಸಿನೊಂದಿಗೆ ಲೈಸೆನ್ಸ್ ಮಾಡಿಸಿಕೊಂಡು, ಉಳಿದ 17,500ನ್ನು ಈಗ ಖರ್ಚು ಮಾಡದಿರುವುದು ಒಳ್ಳೆಯದು. ಮೂವತ್ತರೊಳಗೆ ತೆಗೆದ ಲೈಸೆನ್ಸು ನಲವತ್ತು ತುಂಬುವವರೆಗೆ ನಡೆಯುತ್ತದೆ, ಮೂವತ್ತು ದಾಟಿ ತೆಗೆದದ್ದು ಐವತ್ತರೊಳಗಿನವರಿಗೆ ಹತ್ತು ವರ್ಷ ಬರುತ್ತದೆ. ಅಭ್ಯಾಸದ 25 ಗಂಟೆಯನ್ನು ಕಾರು ಬಂದ ತಿಂಗಳಿಗೆ ಇಟ್ಟುಕೊಂಡರೆ ಅದೇ ಗಂಟೆಗಳು ಐದು ಸಾವಿರಕ್ಕೂ ಕಡಿಮೆ ಪೆಟ್ರೋಲಿನಲ್ಲಿ ಮುಗಿಯುತ್ತವೆ.